ನನ್ನದಕ್ಕೆ ಬೀಗ, ಭಾವನದು ನೆಲಸಮ

ಅಡಿಕೆಗೆ ಔಷಧಿ ಹೊಡೆಯುವ ಕೊನೆಗೌಡ ಅಂತೂ ಸಿಕ್ಕಿದ ದಿನವೇ ನನ್ನ ಯೂಟ್ಯೂಬ್ ಚಾನೆಲ್‌ಗೆ, ನಿಯಮ ಮುರಿದವರಿಗೆ ಹಾಕುವ ಸ್ಟ್ರೈಕ್ ಬಿತ್ತು. ಸಾಗರದ ಕಡೆಯ ತೋಟಗಳ ಕೆಲಸವನ್ನು ಚಿತ್ರಿಸಿ ಹಾಕುವ ಸಣ್ಣ ಚಾನೆಲ್ ಅದು. ಇಮೇಲ್ ಓದಿದವನಿಗೆ ಚಾನೆಲ್ ಹೋಯಿತೆಂದೇ ಅನ್ನಿಸಿತು. ಮಳೆಗೆ ನೆಟ್‌ವರ್ಕ್ ಬೇರೆ ಇರಲಿಲ್ಲ. ಸಂಜೆ ಗುಡ್ಡ ಹತ್ತಿ, ಲಾಗಿನ್ ಆಗದ ಇನ್ನೊಂದು ಮೊಬೈಲ್‌ನಲ್ಲಿ ತೆರೆದು ನೋಡಿದರೆ ಎಲ್ಲವೂ ಇದ್ದಲ್ಲೇ ಇತ್ತು. ಹೆಸರು, ಚಂದಾದಾರರ ಸಂಖ್ಯೆ, ಹಳೆಯ ವೀಡಿಯೊಗಳು, ಅವುಗಳ ಕೆಳಗಿನ ಕಾಮೆಂಟುಗಳು ಯಾವುದೂ ಅಲುಗಾಡಿರಲಿಲ್ಲ. ಕಾಣೆಯಾಗಿದ್ದದ್ದು ಒಂದೇ ವೀಡಿಯೊ. ಅದರ ಹಳೆಯ ಕೊಂಡಿ ಒತ್ತಿದರೆ ಹೀಗೆ ಬರುತ್ತಿತ್ತು:

```
This video has been removed for violating YouTube's Community Guidelines
```

ತಪ್ಪು ನನ್ನದೇ. ಆ ವೀಡಿಯೊದ ವಿವರಣೆಯಲ್ಲಿ ವರ್ಷಗಳ ಹಿಂದೆ ನನ್ನದೇ ಒಂದು ಜಾಲತಾಣದ ವಿಳಾಸ ಹಾಕಿದ್ದೆ. ಆಮೇಲೆ ಅದರ ವಾರ್ಷಿಕ ಹಣ ಕಟ್ಟುವುದನ್ನು ಬಿಟ್ಟೆ. ಬಿಟ್ಟುಹೋದ ಹೆಸರನ್ನು ಯಾರೋ ಕೊಂಡು ಅಲ್ಲಿ ವೈರಸ್ ಇಳಿಸುವ ಪುಟ ಇಟ್ಟಿದ್ದರು. ವೀಡಿಯೊದಲ್ಲಿ ಇದ್ದದ್ದು ಅಡಿಕೆಗೆ ಹೊಡೆಯುವ ಸುಣ್ಣ ಮತ್ತು ಮೈಲುತುತ್ತ ಮಾತ್ರ, ಆದರೆ ನಿಯಮ ವಿವರಣೆಯಲ್ಲಿರುವ ಕೊಂಡಿಗೂ ಅನ್ವಯಿಸುತ್ತದೆ. ಸಾಮಾನ್ಯವಾಗಿ ಮೊದಲ ತಪ್ಪಿಗೆ ಬರೀ ಎಚ್ಚರಿಕೆ ಕೊಡುತ್ತಾರೆ. ನನಗೆ ಹಿಂದೊಮ್ಮೆ ಅದು ಬಂದಿತ್ತು, ನಾನು ಓದದೆ ಬದಿಗಿಟ್ಟಿದ್ದೆ.

ಮೊದಲ ಸ್ಟ್ರೈಕ್‌ಗೆ ಒಂದು ವಾರದ ತಡೆ. 90 ದಿನಗಳೊಳಗೆ ಎರಡನೆಯದು ಬಿದ್ದರೆ ಎರಡು ವಾರ, ಮೂರನೆಯದಕ್ಕೆ ಚಾನೆಲ್ಲೇ ರದ್ದು. ತಡೆ ಇರುವುದು ಒಡೆಯನ ಕೈಗೆ, ನೋಡುಗರ ಕಣ್ಣಿಗಲ್ಲ. ನಾನು ವೀಡಿಯೊ ಏರಿಸುವಂತಿರಲಿಲ್ಲ, ನೇರಪ್ರಸಾರ ಮಾಡುವಂತಿರಲಿಲ್ಲ. ಇಂಥ ತಡೆಗಳು. ಚಾನೆಲ್‌ಗೆ ಎಷ್ಟು ಸ್ಟ್ರೈಕ್ ಇದೆ ಎಂಬುದು ಹೊರಗಿನವರಿಗೆ ಎಲ್ಲೂ ಕಾಣುವುದಿಲ್ಲ. ಇದು ತಿಳಿಯದೆ ನಾನು ಎರಡು ದಿನ ಊರಿನವರ ಮುಖ ತಪ್ಪಿಸಿಕೊಂಡು ತಿರುಗಿದೆ.

ಒಂದು ಕಡೆ ಮಾತ್ರ ಹೊರಗೂ ಗೊತ್ತಾಯಿತು. ಗುರುವಾರ ಬೆಳಿಗ್ಗೆ ತಾನಾಗಿ ಪ್ರಕಟವಾಗುವಂತೆ ಒಂದು ವೀಡಿಯೊವನ್ನು ಮೊದಲೇ ಹೊಂದಿಸಿ, ನಾಳೆ ಬರುತ್ತದೆ ಎಂದು ವಾಟ್ಸಾಪ್‌ನಲ್ಲಿ ಸಾರಿದ್ದೆ. ತಡೆಯ ಅವಧಿಯಲ್ಲಿ ಅಂಥವು ಖಾಸಗಿಯಾಗಿಯೇ ಉಳಿಯುತ್ತವೆ, ತಡೆ ಮುಗಿದ ಮೇಲೂ ತಾವಾಗಿ ಹೊರಬರುವುದಿಲ್ಲ. ನಾವೇ ಮತ್ತೆ ದಿನ ಗೊತ್ತುಮಾಡಬೇಕು. ಇದನ್ನು ಓದುವ ಮೊದಲು ಒಂದು ವಾರ ಕಾದು, ಮತ್ತೆ ಮೂರು ದಿನ ಸುಮ್ಮನೆ ಕಾದೆ. ವಾರ ಕಳೆದರೆ ಕೆಲಸ ಮಾಡಬಹುದು, ಆದರೆ ಸ್ಟ್ರೈಕ್ ಲೆಕ್ಕದಲ್ಲಿ 90 ದಿನ ಇರುತ್ತದೆ. ತಪ್ಪಿನ ವೀಡಿಯೊವನ್ನು ನಾವೇ ಅಳಿಸಿದರೂ ಹೋಗುವುದಿಲ್ಲ. ನಾನು ಆ ಮೂರು ತಿಂಗಳು ಹಳೆಯ ವಿವರಣೆಗಳನ್ನೆಲ್ಲ ಒಂದೊಂದಾಗಿ ತೆರೆದು ಸತ್ತ ಕೊಂಡಿಗಳನ್ನು ಕಿತ್ತೆ.

ನಿಜವಾಗಿ ಚಾನೆಲ್ ಹೋಗುವುದು ಎಂದರೇನೆಂದು ತಿಳಿದದ್ದು ಮುಂದಿನ ವರ್ಷ, ತೀರ್ಥಹಳ್ಳಿಯಲ್ಲಿರುವ ನನ್ನ ಭಾವನಿಂದ. ಅವರು ಮಳೆಗಾಲದ ತಾಳಮದ್ದಲೆಗಳನ್ನು ಧ್ವನಿಮುದ್ರಿಸಿ, ಒಂದು ಸ್ಥಿರಚಿತ್ರದೊಂದಿಗೆ ಹಾಕುತ್ತಾ ಬಂದವರು. ಜಾಹೀರಾತು ಕೊಡುತ್ತೇವೆಂದು ಬಂದ ಇಮೇಲ್‌ನ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದರು. ಅದು ಬ್ರೌಸರ್‌ನಲ್ಲಿದ್ದ ಲಾಗಿನ್ ಗುರುತನ್ನೇ ಕದ್ದಿತು. ಹಾಗೆ ಕದ್ದವರಿಗೆ ಪಾಸ್‌ವರ್ಡ್ ಬೇಡ, ಮೊಬೈಲ್‌ಗೆ ಬರುವ ಓಟಿಪಿಯೂ ಬೇಡ.

ಆ ರಾತ್ರಿ ಹೊರಗಿನಿಂದ ಕಂಡದ್ದನ್ನು ನಾನು ಒಂದೊಂದಾಗಿ ಬರೆದಿಟ್ಟುಕೊಂಡೆ. ಮೊದಲು ಚಾನೆಲ್‌ನ ಹೆಸರು, ಚಿತ್ರ ಬದಲಾಗಿ, ಕ್ರಿಪ್ಟೋ ಹಣ ದುಪ್ಪಟ್ಟು ಮಾಡಿಕೊಡುವ ನೇರಪ್ರಸಾರ ಶುರುವಾಯಿತು. ಆಗ ತಾಳಮದ್ದಲೆಯ ಕೊಂಡಿಗಳನ್ನು ಒತ್ತಿದರೆ ವೀಡಿಯೊ ಖಾಸಗಿ ಎಂದು ಬರುತ್ತಿತ್ತು. ಕಳ್ಳರು ಎಲ್ಲವನ್ನೂ ಬಚ್ಚಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಅದೇ ಕೊಂಡಿಯಲ್ಲಿ ಮಾತು ಬದಲಾಗಿತ್ತು:

```
This video is no longer available because the YouTube account associated with this video has been terminated.
```

ಕೊನೆಯ ಪದ terminated, ಅಂದರೆ ರದ್ದು, ಅದೇ ಗುರುತು. ಸ್ಟ್ರೈಕ್ ಬಿದ್ದ ಚಾನೆಲ್‌ನಲ್ಲಿ ಒಂದು ವೀಡಿಯೊದ ಕೊಂಡಿ ಮಾತ್ರ ಸಾಯುತ್ತದೆ. ರದ್ದಾದದ್ದರಲ್ಲಿ ಯಾವ ಕೊಂಡಿ ಒತ್ತಿದರೂ ಇದೇ ವಾಕ್ಯ. ಒಡೆಯನೇ ಮುಚ್ಚಿದ್ದರೆ ವಾಕ್ಯವೇ ಬೇರೆ, ಅದರಲ್ಲಿ ಏರಿಸಿದವರು ಖಾತೆ ಮುಚ್ಚಿದ್ದಾರೆ ಎಂದಿರುತ್ತದೆ. ಸರ್ಕಾರದ ಆದೇಶದಿಂದ ಭಾರತದಲ್ಲಿ ಮಾತ್ರ ತಡೆದಿದ್ದರೆ ‘ಈ ದೇಶದಲ್ಲಿ’ ಎಂಬ ಮಾತು ಬರುತ್ತದೆ, ದುಬೈಯಲ್ಲಿರುವ ಅಣ್ಣನ ಮಗನಿಗೆ ಕೊಂಡಿ ಕಳಿಸಿದರೆ ಅಲ್ಲಿ ವೀಡಿಯೊ ಓಡುತ್ತದೆ. ಭಾವನದು ಅಲ್ಲೂ ಓಡಲಿಲ್ಲ. ಇಂಥ ಗಂಭೀರ ವಂಚನೆಗೆ ಮೂರು ಸ್ಟ್ರೈಕ್‌ಗಳವರೆಗೆ ಕಾಯುವುದಿಲ್ಲ, ಒಂದೇ ಏಟಿಗೆ ರದ್ದು.

ಅಳಿದದ್ದು ಚಾನೆಲ್ ಒಂದೇ ಅಲ್ಲ. ನನ್ನ ವೀಡಿಯೊಗಳ ಕೆಳಗೆ ಭಾವ ಬರೆದಿದ್ದ ಕಾಮೆಂಟುಗಳೂ ಮಾಯವಾಗಿದ್ದವು. ಊರ ದೇವಸ್ಥಾನದ ಜಾಲತಾಣದಲ್ಲಿ ಸೇರಿಸಿದ್ದ ಪ್ರಸಂಗಗಳ ಜಾಗದಲ್ಲಿ ಕಪ್ಪು ಚೌಕ. ನನ್ನ ಪ್ಲೇಲಿಸ್ಟ್‌ನಲ್ಲಿ ಅವರ ವೀಡಿಯೊಗಳು ಇದ್ದ ಸಾಲುಗಳು ಹೆಸರಿಲ್ಲದೆ ಖಾಲಿ. ಯಾವ ಪ್ರಸಂಗ, ಯಾರ ಅರ್ಥಗಾರಿಕೆ ಎಂಬುದೂ ತಿಳಿಯದಂತಾಯಿತು.

ಹಾಗಾದರೆ ಸಾರ್ವಜನಿಕರಿಗೆ ಏನು ಉಳಿಯಿತು? ಹುಡುಕಿದಾಗ ಗೂಗಲ್‌ನಲ್ಲಿ ಕೆಲವು ದಿನ ಶೀರ್ಷಿಕೆಗಳು ಸಿಗುತ್ತಿದ್ದವು. web.archive.org ನಲ್ಲಿ ಚಾನೆಲ್‌ನ ವಿಳಾಸ ಹಾಕಿದಾಗ ಹಿಂದೆಂದೋ ಉಳಿಸಿದ್ದ ಒಂದು ಪುಟ ಬಂತು, ವೀಡಿಯೊ ಇಲ್ಲ, ಹೆಸರುಗಳು ಮಾತ್ರ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ವಾಟ್ಸಾಪ್‌ನಲ್ಲಿ. ಕೊಂಡಿ ಕಳಿಸಿದಾಗ ಬರುವ ಪುಟ್ಟ ಚಿತ್ರ ಮತ್ತು ಶೀರ್ಷಿಕೆ ಆ ಸಂದೇಶದೊಳಗೇ ಉಳಿದಿರುತ್ತವೆ, ವೀಡಿಯೊ ಸತ್ತರೂ ಹೋಗುವುದಿಲ್ಲ. ತಾಳಮದ್ದಲೆ ಗುಂಪಿನ ಹಳೆಯ ಸಂದೇಶಗಳನ್ನು ಮೇಲೆ ಮೇಲೆ ಸರಿಸುತ್ತಾ ನಾನು, ಅಕ್ಕ ಕೂತು 140 ಹೆಸರು ಪಟ್ಟಿ ಮಾಡಿದೆವು.

ಅಷ್ಟರಲ್ಲಿ ಭಾವನ ಮಗ ಹೊಸ ಚಾನೆಲ್ ತೆರೆದುಬಿಡೋಣ ಎಂದು ಹೊರಟಿದ್ದ. ತಡೆದೆ. ರದ್ದಾದ ಚಾನೆಲ್‌ನ ಒಡೆಯ ಯೂಟ್ಯೂಬ್‌ನ ಒಪ್ಪಿಗೆಯಿಲ್ಲದೆ ಇನ್ನೊಂದು ಚಾನೆಲ್ ನಡೆಸುವಂತಿಲ್ಲ, ತೆರೆದರೆ ಅದೂ ಹೋಗಬಹುದು, ಚಾನೆಲ್ ಮರಳಿಸಿ ಎಂದು ನಾವು ಸಲ್ಲಿಸಬೇಕಿದ್ದ ಮನವಿಯೂ ಕೆಡಬಹುದು.

‘ಜೀಮೇಲ್ ತೆರೆಯುತ್ತಿದೆಯಲ್ಲ ಮಾರಾಯ, ಹಾಗಾದರೆ ಖಾತೆ ಇದೆ ಎಂದಲ್ಲವೇ?’ ಎಂದು ಭಾವ ಕೇಳಿದರು.

‘ಗೂಗಲ್ ಖಾತೆ ಇದೆ ಭಾವ, ಅದರೊಳಗಿನ ಚಾನೆಲ್ ಇಲ್ಲ’ ಎಂದೆ.

ಮೊದಲು ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಉಪಕರಣಗಳಿಂದಲೂ ಲಾಗ್ ಔಟ್ ಮಾಡಿಸಿದೆವು. ಹಳೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಜ್ಜುಮಾಡಿಸಿದೆವು. ಆಮೇಲೆ ಮನವಿ. ಅದರಲ್ಲಿ ಗೋಳು ಬರೆಯಲಿಲ್ಲ. ಚಾನೆಲ್ ಕಳುವಾದ ದಿನ, ಹೆಸರು ಬದಲಾದ ಹೊತ್ತು, ಆ ನೇರಪ್ರಸಾರ ನಮ್ಮದಲ್ಲ ಎಂಬುದು, ಇಷ್ಟನ್ನೇ ಬರೆದೆವು. ರಾತ್ರಿ ನಾನು ಗೀಚಿಟ್ಟ ಹೊತ್ತುಗಳು ಇಲ್ಲಿ ಉಪಯೋಗಕ್ಕೆ ಬಂದವು.

ಹನ್ನೆರಡನೆಯ ದಿನ ಚಾನೆಲ್ ಮರಳಿತು. ಚಂದಾದಾರರೂ ಮರಳಿದರು. ಆದರೆ ಪುಟ ಖಾಲಿಯಾಗಿಯೇ ಇತ್ತು, ಏಕೆಂದರೆ ಯೂಟ್ಯೂಬ್ ತೆಗೆದದ್ದು ರದ್ದತಿಯನ್ನು ಮಾತ್ರ, ಕಳ್ಳರು ಖಾಸಗಿ ಮಾಡಿದ್ದು ಖಾಸಗಿಯಾಗಿಯೇ ಉಳಿದಿತ್ತು. ಮತ್ತೆ ಸಾರ್ವಜನಿಕ ಮಾಡುತ್ತಾ ನಮ್ಮ ಪಟ್ಟಿಗೆ ತಾಳೆ ನೋಡಿದೆವು. 137 ಸಿಕ್ಕವು. ಮೂರನ್ನು ಕಳ್ಳರು ಅಳಿಸಿಯೇ ಹಾಕಿದ್ದರು, ಮೂಲ ಧ್ವನಿಮುದ್ರಿಕೆಯೂ ಭಾವನ ಬಳಿ ಇರಲಿಲ್ಲ. ಅವುಗಳಲ್ಲಿ ಒಂದರ ಪುಟ್ಟ ಚಿತ್ರ ಇಂದಿಗೂ ಗುಂಪಿನ ಹಳೆಯ ಸಂದೇಶದಲ್ಲಿದೆ, ಹೊಸಬರು ಯಾರಾದರೂ ಅದನ್ನು ಒತ್ತಿ ‘ಓಡುತ್ತಿಲ್ಲವಲ್ಲ’ ಎಂದು ಕೇಳುತ್ತಾರೆ.