ಯುಎಸ್‌ಡಿಟಿಯಲ್ಲಿ ಲಾಭ, ಪಾಸ್‌ಬುಕ್‌ನಲ್ಲಿ ನಷ್ಟ: ನನ್ನ ಲೆಕ್ಕ ಸರಿಹೋದ ಕಥೆ

2024ರ ಡಿಸೆಂಬರ್ ಮಧ್ಯದಲ್ಲಿ 2,000 ಯುಎಸ್‌ಡಿಟಿ, ಅಂದರೆ ಒಂದು ಡಾಲರಿಗೆ ಸಮ ಇರುವಂತೆ ಮಾಡಿದ ಕ್ರಿಪ್ಟೊ ಟೋಕನ್, ತಗೊಂಡೆ. ಒಂದಕ್ಕೆ 91 ರೂಪಾಯಿ ಬಿತ್ತು, ಒಟ್ಟು 1,82,000. ಅದೇ ದಿನ ಅಷ್ಟಕ್ಕೂ ಬಿಟ್‌ಕಾಯಿನ್ ಹಾಕಿದೆ. ಆಗ ಅದು ಒಂದು ಲಕ್ಷ ಡಾಲರಿನ ಆಸುಪಾಸಿನಲ್ಲಿತ್ತು. 2025ರ ಜೂನ್‌ನಲ್ಲಿ ಮಾರಿದಾಗ ಕೈಗೆ 2,080 ಯುಎಸ್‌ಡಿಟಿ ಬಂತು. ಶೇಕಡ 4 ಲಾಭ. ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ ನಾನೇ ಎಲ್ಲರಿಗೂ ಟೀ ಕೊಡಿಸಿದೆ.

ಫೋನಿನಲ್ಲಿ ಡಾಲರ್ ದರ ನೋಡಿ ಗುಣಿಸಿದ್ದೆ. ತಗೊಂಡಾಗ ಡಾಲರ್ ಸುಮಾರು 84.80, ಮಾರುವಾಗ 85.80. ಹಾಗೆ ನೋಡಿದರೆ 1,69,600 ಹೋಗಿ 1,78,464 ಆಗಿದೆ. ಹತ್ತಿರ ಹತ್ತಿರ ಒಂಬತ್ತು ಸಾವಿರ ಲಾಭ! ರೂಪಾಯಿ ಬಿದ್ದಿದ್ದೂ ನನಗೇ ಅನುಕೂಲ ಅಂದುಕೊಂಡಿದ್ದೆ.

ಆಮೇಲೆ ಯುಎಸ್‌ಡಿಟಿ ಮಾರಿ ಬ್ಯಾಂಕಿಗೆ ಹಾಕಿಸಿಕೊಂಡೆ. ಸಿಕ್ಕಿದ ರೇಟು 87. ಬಂದ ದುಡ್ಡು 1,80,960. ಹಾಕಿದ್ದಕ್ಕಿಂತ 1,040 ಕಮ್ಮಿ. (ಫೀ, ಟಿಡಿಎಸ್ ಎರಡನ್ನೂ ಸದ್ಯ ಬದಿಗಿಟ್ಟಿದ್ದೇನೆ, ಅಂಕಿಗಳೂ ನೆನಪಿನವು.)

ಒಂದೇ ವ್ಯವಹಾರ, ಮೂರು ಉತ್ತರ. ಮೊದಲು ಎಕ್ಸ್‌ಚೇಂಜಿನವರೇ ಎಲ್ಲೋ ಕತ್ತರಿ ಹಾಕಿದ್ದಾರೆ ಅಂತ ಬೈದುಕೊಂಡೆ. ಎರಡು ರಾತ್ರಿ ಸ್ಟೇಟ್‌ಮೆಂಟ್ ಹಿಡಿದು ಕೂತೆ. ಕತ್ತರಿ ಯಾರೂ ಹಾಕಿರಲಿಲ್ಲ. ನಾನು ಗುಣಿಸಿದ ದರವೇ ತಪ್ಪು. ಡಾಲರ್ ದರದಲ್ಲಿ ನಾನು ಏನನ್ನೂ ಕೊಂಡಿರಲಿಲ್ಲ, ಮಾರಿರಲೂ ಇಲ್ಲ.

ನಮ್ಮಲ್ಲಿ ಯುಎಸ್‌ಡಿಟಿಗೆ ತನ್ನದೇ ರೂಪಾಯಿ ರೇಟಿದೆ. ಡಾಲರ್ ಮೇಲೆ ಒಂದಿಷ್ಟು ಪ್ರೀಮಿಯಂ ಸೇರಿರುತ್ತದೆ, ಅದು ಏರಿಳಿಯುತ್ತದೆ. ಹೊರಗೆ ಅಗ್ಗಕ್ಕೆ ತಂದು ಇಲ್ಲಿ ಮಾರಿ ಆ ಅಂತರ ತುಂಬೋಣ ಅಂದರೆ ತೆರಿಗೆ, ಟಿಡಿಎಸ್, ಹಣ ಹೊರಗೆ ಕಳಿಸುವ ನಿಯಮ ಎಲ್ಲ ಅಡ್ಡ ಬರುತ್ತವೆ. ಹಾಗಾಗಿ ಅಂತರ ಉಳಿದುಬಿಡುತ್ತದೆ. ನಾನು ತಗೊಂಡ ದಿನ ಪ್ರೀಮಿಯಂ ಆರು ರೂಪಾಯಿ ದಾಟಿತ್ತು. ಮಾರಿದ ದಿನ ಬರೀ ಒಂದೂಕಾಲು. ಡಾಲರ್ ಒಂದು ರೂಪಾಯಿ ಏರಿದರೂ ನನ್ನ ಯುಎಸ್‌ಡಿಟಿ ನಾಲ್ಕು ರೂಪಾಯಿ ಇಳಿದಿತ್ತು.

ಅವತ್ತಿನಿಂದ ಪ್ರತಿ ವ್ಯವಹಾರವನ್ನೂ ಎರಡು ತುಂಡು ಮಾಡುತ್ತೇನೆ. ಶೀಟ್‌ನಲ್ಲಿ C ಹಾಕಿದ ಯುಎಸ್‌ಡಿಟಿ, D ಅದಕ್ಕೆ ನಾನು ಕೊಟ್ಟ ರೂಪಾಯಿ ರೇಟು, F ಬಂದ ಯುಎಸ್‌ಡಿಟಿ, G ಅದನ್ನು ಮಾರಿದ ರೇಟು.

```
=(F2-C2)*D2
=F2*(G2-D2)
```

ಮೊದಲನೆಯದು ಕಾಯಿನ್ ದುಡಿದದ್ದು: 80 × 91, ಅಂದರೆ 7,280. ಎರಡನೆಯದು ರೇಟು ತಿಂದದ್ದು: 2,080 × 4, ಅಂದರೆ 8,320. ಕಳೆದರೆ ಅದೇ 1,040 ನಷ್ಟ. ಫೀ, ಟಿಡಿಎಸ್ ಬಿಟ್ಟರೆ ಪಾಸ್‌ಬುಕ್‌ಗೆ ತಾಳೆಯಾಯಿತು. ಎರಡನೇ ಸಾಲಿನಲ್ಲಿ ಹಾಕಿದ 2,000 ಅಲ್ಲ, ಬಂದ 2,080 ಇರಬೇಕು. ಲಾಭದ 80 ಕೂಡ ಇಳಿದ ರೇಟಿಗೇ ಹೋಯಿತಲ್ವಾ? ಮೊದಲ ಸಲ ಇದನ್ನೇ ತಪ್ಪಿ 320 ರೂಪಾಯಿ ಎಲ್ಲಿ ಹೋಯಿತು ಅಂತ ಒಂದು ಭಾನುವಾರ ಪೂರ್ತಿ ಹುಡುಕಿದ್ದೆ.

D ಮತ್ತು G ಗೆ ಪರದೆಯಲ್ಲಿ ಹೊಳೆಯುವ ಕೊನೆಯ ಬೆಲೆ ಹಾಕಬೇಡಿ. ನಿಮ್ಮ ಆರ್ಡರ್ ನಿಜವಾಗಿ ತುಂಬಿದ ರೇಟು ಹಾಕಿ. ಕೊಳ್ಳುವ ರೇಟಿಗೂ ಮಾರುವ ರೇಟಿಗೂ ಮಧ್ಯೆ ನನಗೆ ಒಂದೊಂದು ಸಲ ಒಂದು ರೂಪಾಯಿ ಅಂತರ ಸಿಕ್ಕಿದೆ. 2,000 ಯುಎಸ್‌ಡಿಟಿಗೆ ಅಲ್ಲೇ ಎರಡು ಸಾವಿರ ಆಚೀಚೆ.

ಈಗ ಹೊಟ್ಟೆ ಉರಿಸಿದ ಭಾಗ. ಬಿಟ್‌ಕಾಯಿನ್ ಮಾರಿದ ದಿನವೇ ನಾನು ರೂಪಾಯಿ ಮಾಡಿಕೊಳ್ಳಲಿಲ್ಲ. ಅವತ್ತು ಯುಎಸ್‌ಡಿಟಿ 89.50 ಇತ್ತು. ಮತ್ತೆ 91 ಆಗಲಿ ಅಂತ ಮೂರು ವಾರ ಕೂತೆ, 87ಕ್ಕೆ ಇಳಿಯಿತು. ಆಡಿಟರ್ ಹತ್ತಿರ ಹೋದಾಗ ಗೊತ್ತಾಯಿತು, ಕಾಯಿನ್ ಕೊಟ್ಟು ಯುಎಸ್‌ಡಿಟಿ ತಗೊಂಡದ್ದೂ ಒಂದು ಮಾರಾಟ. ಆ ದಿನದ ರೇಟಿನಲ್ಲಿ 2,080 ಯುಎಸ್‌ಡಿಟಿಯ ಬೆಲೆ 1,86,160. ಅಂದರೆ 4,160 ಲಾಭ. ಅದಕ್ಕೆ ಶೇಕಡ 30 ತೆರಿಗೆ, ಸೆಸ್ ಸೇರಿ 31.2. ಸುಮಾರು 1,300 ರೂಪಾಯಿ. ಆಮೇಲೆ ಯುಎಸ್‌ಡಿಟಿ ಇಳಿದು ಆದ 5,200 ನಷ್ಟವನ್ನು ಇದರಲ್ಲಿ ಕಳೆಯುವ ಹಾಗಿಲ್ಲ. 2022ರ ಏಪ್ರಿಲ್‌ನಿಂದ ಕಾನೂನೇ ಹಾಗಿದೆ. ಸಾವಿರ ರೂಪಾಯಿ ಕಳಕೊಂಡವನು ಮೇಲೆ ಸಾವಿರದ ಮುನ್ನೂರು ತೆರಿಗೆ ಕಟ್ಟಿದೆ.

ಹಾಗಾಗಿ ನನ್ನ ಶೀಟ್‌ನಲ್ಲಿ ಮಧ್ಯದ ರೇಟಿಗೂ ಒಂದು ಕಾಲಂ ಬಂತು: ಕಾಯಿನ್ ಬಿಟ್ಟು ಯುಎಸ್‌ಡಿಟಿಗೆ ಬಂದ ದಿನದ ರೇಟು. ರೂಪಾಯಿ ಬೇಕಾಗಿದ್ದರೆ ಎರಡೂ ಒಂದೇ ದಿನ ಮಾಡುತ್ತೇನೆ. ಅವತ್ತೇ ಮಾಡಿದ್ದರೆ ತೆರಿಗೆ ಕಟ್ಟಿಯೂ ಎರಡೂವರೆ ಸಾವಿರಕ್ಕೂ ಮೇಲೆ ಉಳಿಯುತ್ತಿತ್ತು.

ಟಿಡಿಎಸ್ ವಿಷಯ ಎರಡೇ ಮಾತು. ಯುಎಸ್‌ಡಿಟಿಯಿಂದ ಕಾಯಿನ್‌ಗೆ ಹೋಗುವಾಗ ಶೇಕಡ 1, ವಾಪಸ್ ಬರುವಾಗ ಮತ್ತೆ 1 ಹಿಡಿಯುತ್ತಾರೆ. ಮೊದಲು ಅದನ್ನು ಖರ್ಚು ಅಂತ ಬರೆದು ಲಾಭವನ್ನೇ ನುಂಗಿಸಿಕೊಂಡಿದ್ದೆ. ಅದು ಖರ್ಚಲ್ಲ, ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕೂತಿರುವ ನಮ್ಮದೇ ದುಡ್ಡು. ಬೇರೆ ಕಾಲಂನಲ್ಲಿ, ರೂಪಾಯಿಯಲ್ಲೇ ಬರೆಯಿರಿ.

ಸುಮ್ನೆ ಒಂದು ಆಟ ಆಡಿದೆ. ತಿಪಟೂರಿನ ನಮ್ಮ ಭಾವ ಕೊಬ್ಬರಿ ಬಿಟ್ಟರೆ ಬೇರೆ ಲೆಕ್ಕ ಒಪ್ಪುವುದಿಲ್ಲ. "ನಿನ್ನ ಡಾಲರ್ ಬಿಡಪ್ಪ, ಎಷ್ಟು ಕ್ವಿಂಟಾಲ್ ಬರುತ್ತೆ ಹೇಳು" ಅಂದರು. ಡಿಸೆಂಬರ್‌ನಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಹದಿನಾಲ್ಕು ಸಾವಿರದ ಆಸುಪಾಸು ಇದ್ದ ನೆನಪು, 2025ರ ಮಧ್ಯಕ್ಕೆ ಇಪ್ಪತ್ತೈದು ಸಾವಿರ ಅಂತಿಟ್ಟುಕೊಳ್ಳಿ. ಹದಿಮೂರು ಕ್ವಿಂಟಾಲ್ ಇದ್ದದ್ದು ಏಳು ಆಗಿತ್ತು. ಭಾವ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆ ಕಾಲಂ ಅಳಿಸಿದೆ.

ಟೀ ಅಂಗಡಿ ಗೆಳೆಯರು ಮಾತ್ರ ಒಪ್ಪಲಿಲ್ಲ. "ಯುಎಸ್‌ಡಿಟಿ ಜಾಸ್ತಿ ಆಯ್ತಾ? ಹಾಗಾದ್ರೆ ಲಾಭ. ರೂಪಾಯಿ ಯಾಕೋ ನೋಡ್ತೀಯ" ಅನ್ನುತ್ತಿದ್ದರು. ಯುಎಸ್‌ಡಿಟಿಯಲ್ಲೇ ಮುಂದಿನ ಕಾಯಿನ್ ಕೊಳ್ಳುವವನಿಗೆ ಆ ಮಾತು ಸರಿ. ನನಗೆ ಮಗಳ ಫೀಸು ರೂಪಾಯಿಯಲ್ಲಿ ಕಟ್ಟಬೇಕು. ಕಾಯಿನ್ ಆರಿಸಿದ್ದು ಸರಿಯೋ ಅಂತ ತಿಳಿಯೋಕೆ ಮೊದಲ ಸಾಲು ನೋಡುತ್ತೇನೆ, ಮನೆಗೆ ಏನು ಬಂತು ಅಂತ ತಿಳಿಯೋಕೆ ಎರಡರ ಮೊತ್ತ.

ಅವರ ಬಾಯಿ ಮುಚ್ಚಿಸಿದ್ದು ಮುಂದಿನ ಸಲ. ಜುಲೈ ಮೊದಲಲ್ಲಿ ಪ್ರೀಮಿಯಂ ಎರಡು ರೂಪಾಯಿಯೂ ಇರಲಿಲ್ಲ. 87.50ಕ್ಕೆ 1,500 ಯುಎಸ್‌ಡಿಟಿ ತಗೊಂಡು ಬಿಟ್‌ಕಾಯಿನ್ ಹಾಕಿದೆ. ಅಕ್ಟೋಬರ್ ಮೊದಲ ವಾರ ಅದು 1,26,000 ಡಾಲರ್ ಮುಟ್ಟಿತು, ನಾನು ಮಾರಲಿಲ್ಲ, ಅದು ಬೇರೆ ಸಂಕಟ. ತಿಂಗಳ ಕೊನೆಗೆ ಬೆಲೆ ಹಳೇ ಜಾಗಕ್ಕೇ ಬಂತು. ಕೈಗೆ ಬಂದದ್ದು 1,490. ಎಲ್ಲರೂ ನಷ್ಟ ಅಂದರು. ಅದೇ ದಿನ 92ಕ್ಕೆ ಮಾರಿದೆ, 1,37,080 ಬಂತು. ಹಾಕಿದ್ದು 1,31,250. ಕಾಯಿನ್ 875 ಕಳೆದಿತ್ತು, ರೇಟು 6,705 ತಂದಿತ್ತು. ಇದರಲ್ಲಿ ನನ್ನ ಜಾಣತನ ಅಂದರೆ ಪ್ರೀಮಿಯಂ ಕಮ್ಮಿ ಇದ್ದಾಗ ಕೊಂಡದ್ದು ಮಾತ್ರ. ಹೆಚ್ಚು ಭಾಗ ರೂಪಾಯಿ ಬಿದ್ದದ್ದೇ. ತೆರಿಗೆಯವರಿಗೆ ಆ ಭೇದ ಇಲ್ಲ, 5,830ಕ್ಕೂ ಅದೇ 31.2.

ಆಡಿಟರ್ ಈಗ ನನ್ನ ಶೀಟನ್ನೇ ಇಟ್ಟುಕೊಂಡು ರಿಟರ್ನ್ ತುಂಬುತ್ತಾರೆ. ಗೆಳೆಯರೂ ಕೇಳಿದರು, ಕೊಟ್ಟೆ. ಪ್ರೀಮಿಯಂ ಯಾವ ದಿನ, ಯಾವ ಹೊತ್ತಿಗೆ ಇಳಿಯುತ್ತದೆ ಅಂತ ಆರು ತಿಂಗಳು ಬರೆದಿಟ್ಟ ಕಾಲಂ ಒಂದಿತ್ತು. ಅದನ್ನು ಅಳಿಸಿ ಉಳಿದದ್ದನ್ನು ಕೊಟ್ಟೆ.