ಒಂದು ಅಲ್ಪವಿರಾಮದಲ್ಲಿ ಕಳೆದುಹೋಗುವ ಗಾಲಿಬ್

ಉರ್ದು ಗಜಲ್ ಅನ್ನು ಇಂಗ್ಲಿಷ್ ಪದ್ಯಕ್ಕೆ ತರುವವರ ತಲೆನೋವು ಪ್ರಾಸ. ಗದ್ಯಕ್ಕೆ ತರುವವರಿಗೆ ಆ ತಲೆನೋವಿಲ್ಲ, ಇನ್ನೊಂದಿದೆ. ಗಾಲಿಬನ ಕಾಲದ ಉರ್ದು ಬರಹದಲ್ಲಿ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳ ಹಂಗಿರಲಿಲ್ಲ. ಓದುವವನು ಎಲ್ಲಿ ಉಸಿರು ನಿಲ್ಲಿಸುತ್ತಾನೋ ಅಲ್ಲಿ ಅರ್ಥ ಹುಟ್ಟುತ್ತಿತ್ತು. ಇಂಗ್ಲಿಷ್ ಗದ್ಯ ಮಾತ್ರ ಚಿಹ್ನೆ ಹಾಕು ಎಂದು ಹಟ ಹಿಡಿಯುತ್ತದೆ. ಹಾಕಿದೊಡನೆ ಎರಡು ಅರ್ಥಗಳಲ್ಲಿ ಒಂದು ಸತ್ತುಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ದಾರಿಯನ್ನು ಮಿರ್ಜಾ ಗಾಲಿಬನ (1797–1869) ಒಂದೇ ಗಜಲ್‌ನ ಎರಡು ಶೇರ್, ಅಂದರೆ ಎರಡೆರಡು ಸಾಲಿನ ಪದ್ಯ ಹಿಡಿದು ನೋಡೋಣ. ಮೊದಲು ಈ ಶೇರ್:

ತಿರೇ ವಾದೇ ಪರ್ ಜಿಯೇ ಹಮ್ ತೋ ಯೆ ಜಾನ್ ಝೂಟ್ ಜಾನಾ
ಕೆ ಖುಶೀ ಸೇ ಮರ್ ನ ಜಾತೇ ಅಗರ್ ಏತಬಾರ್ ಹೋತಾ

ಇಂಗ್ಲಿಷ್ ಕಡೆ ತಿರುಗುವ ಮುಂಚೆ ಪ್ರತಿ ಪದದ ಕೆಳಗೂ ಕನ್ನಡದ ಅರ್ಥ ಬರೆದುಕೊಳ್ಳಿ. ವಾದಾ ಎಂದರೆ ಕೊಟ್ಟ ಮಾತು. ಕೋರ್ಟಿನಲ್ಲಿ ನಾವು ಪಡೆಯುವ ‘ವಾಯಿದೆ’ ಇದರದೇ ನೆಂಟ. ಅಲ್ಲಿಯೂ ಕಾಯುವುದೇ ಕೆಲಸ! ಏತಬಾರ್ ಎಂದರೆ ನಂಬಿಕೆ. ‘ಹಮ್’ ಎಂಬಲ್ಲಿ ಮಾತ್ರ ಮೋಸ ಹೋಗಬೇಡಿ. ಅದು ‘ನಾವು’ ಆದರೂ ಗಜಲ್‌ನಲ್ಲಿ ಹೇಳುವವನು ಒಬ್ಬನೇ. ಇಂಗ್ಲಿಷಿನಲ್ಲಿ ‘ವಿ’ ಎಂದು ಬರೆದರೆ ಪ್ರೇಮಿಗಳಿಬ್ಬರೂ ಸೇರಿ ಬದುಕಿದರೇನೋ ಎಂದು ಓದುಗರು ತಿಳಿಯುತ್ತಾರೆ. ಹಾಗಾಗಿ ‘ಐ’ ಎಂದೇ ಬರೆಯಿರಿ.

ಈಗ ಎರಡನೆಯ ಸಾಲನ್ನು ಕೈಯಿಂದ ಮುಚ್ಚಿ, ಮೊದಲ ಸಾಲನ್ನಷ್ಟೇ ಓದಿ. ಮುಶಾಯಿರಾ ಎಂಬ ಉರ್ದು ಕವಿಗೋಷ್ಠಿಯಲ್ಲಿ ಕವಿಗಳು ಮೊದಲ ಸಾಲನ್ನು ಎರಡೆರಡು ಸಲ ಹೇಳಿ, ಕೇಳುವವರನ್ನು ಕಾಯಿಸಿ, ಆಮೇಲೆ ಎರಡನೆಯದನ್ನು ಬಿಡುವುದು ಸುಮ್ಮನೆ ಅಲ್ಲ. ‘ನಿನ್ನ ಮಾತಿನ ಮೇಲೆ ನಾನು ಬದುಕಿದೆ’ ಎಂದು ಕೇಳಿದವರಿಗೆ ಏನನಿಸುತ್ತದೆ? ಬರುತ್ತೇನೆಂದ ಆ ಮಾತೇ ಇವನ ಜೀವ ಹಿಡಿದಿಟ್ಟಿತು ಅನಿಸುತ್ತದೆ. ನಾನು ಮೊದಲ ಸಲ ಅನುವಾದಿಸಿದಾಗ ಅಲ್ಲಿಗೇ ನಿಂತುಬಿಟ್ಟಿದ್ದೆ. ಎರಡನೆಯ ಸಾಲನ್ನೂ ಅದಕ್ಕೆ ಹೊಂದುವಂತೆ ಎಳೆದಾಡಿ, ಭರವಸೆಯ ಶೇರ್ ಮಾಡಿಟ್ಟಿದ್ದೆ. ಆದರೆ ಗಾಲಿಬ್ ಹೇಳುವುದು ತದ್ವಿರುದ್ಧ. ನಿನ್ನ ಮಾತು ಕೇಳಿಯೂ ನಾನು ಬದುಕಿ ಉಳಿದಿದ್ದೇನೆ ಅಂದರೆ ಅದನ್ನು ಸುಳ್ಳೆಂದು ತಿಳಿದಿದ್ದೆ ಎಂದೇ ಅರ್ಥ. ನಂಬಿದ್ದರೆ ಆ ಸಂತೋಷಕ್ಕೇ ಸತ್ತುಹೋಗುತ್ತಿರಲಿಲ್ಲವೇ? ಬದುಕಿರುವುದೇ ಅಪನಂಬಿಕೆಯ ಸಾಕ್ಷಿ. ಮೊದಲ ಅರ್ಥ ತಪ್ಪಲ್ಲ, ಅದು ಎರೆಹುಳು. ಮೀನು ಅದನ್ನು ಕಚ್ಚಿದರೆ ಮಾತ್ರ ಗಾಳ ತಾಗುತ್ತದೆ. ಅನುವಾದದಲ್ಲೂ ಆ ಎರೆ ಇರಲೇಬೇಕು.

ಮುಂದಿನ ಕೆಲಸ, ಪದಗಳ ಕೀಲುಗಳನ್ನು ಅಲುಗಾಡಿಸಿ ನೋಡುವುದು. ಇಲ್ಲಿ ಸಡಿಲವಾದ ಕೀಲು ‘ಯೆ ಜಾನ್’. ‘ಯೆ ಜಾನ್’ ಎಂದು ಕೂಡಿಸಿ ಓದಿ ನಿಂತರೆ ‘ಇದನ್ನು ತಿಳಿ’ ಎಂದಾಗುತ್ತದೆ. ‘ಯೆ’ ಎಂದು ನಿಲ್ಲಿಸಿ, ‘ಜಾನ್’ ಅನ್ನು ಕರೆಯುವ ದನಿಯಲ್ಲಿ ಹೇಳಿದರೆ ‘ಇದನ್ನು, ನನ್ನ ಜೀವವೇ, ಸುಳ್ಳೆಂದು ತಿಳಿದೆ’ ಎಂದಾಗುತ್ತದೆ. ಸಾಯುವ ಬದುಕುವ ಮಾತಿನ ನಡುವೆ ಪ್ರಿಯರನ್ನು ‘ಜೀವ’ ಎಂದು ಕರೆಯುವುದು, ಅದರ ಬೆನ್ನಿಗೇ ‘ಜಾನಾ’ ಎಂಬ ಕ್ರಿಯಾಪದ ತರುವುದು ಗಾಲಿಬನ ತುಂಟತನ.

ಒಮ್ಮೆ ರುಚಿ ಹತ್ತಿದರೆ ಎಲ್ಲದರಲ್ಲೂ ಶ್ಲೇಷೆ ಕಾಣತೊಡಗುತ್ತದೆ, ಅದೊಂದು ಅಪಾಯ. ‘ಈ ಜೀವವನ್ನೇ ಸುಳ್ಳೆಂದು ತಿಳಿದೆ’ ಎಂಬ ವೇದಾಂತದ ಮೂರನೆಯ ಅರ್ಥವೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಆಗ ವ್ಯಾಕರಣದ ಮೊರೆ ಹೋಗಿ. ಜೀವ ಎಂಬ ಅರ್ಥದ ‘ಜಾನ್’ ಉರ್ದುವಿನಲ್ಲಿ ಸ್ತ್ರೀಲಿಂಗ. ಆ ಅರ್ಥವೇ ಬೇಕಿದ್ದರೆ ಕ್ರಿಯಾಪದ ‘ಜಾನೀ’ ಆಗಬೇಕಿತ್ತು. ಸಾಲಿನಲ್ಲಿರುವುದು ‘ಜಾನಾ’. ಹಾಗಾಗಿ ಆ ಅರ್ಥವನ್ನು ಬಿಡಿ, ಎಷ್ಟೇ ಚೆಂದ ಕಂಡರೂ.

ಇಷ್ಟಾದ ಮೇಲೆ ಇಂಗ್ಲಿಷ್. ಹುಡುಕಬೇಕಾದದ್ದು ಉರ್ದು ಪದದ ಸಮಾನ ಪದವನ್ನಲ್ಲ, ಇಂಗ್ಲಿಷಿನಲ್ಲೇ ಅತ್ತಿತ್ತ ವಾಲಾಡುವ ಮಾತನ್ನು. ಇಲ್ಲಿ ನಮಗೆ ಅದೃಷ್ಟವಿದೆ. ‘ಲಿವ್ಡ್ ಆನ್’ ಎಂದರೆ ಒಂದನ್ನು ತಿಂದು ಬದುಕಿದೆ ಎಂದೂ ಹೌದು, ಸಾಯದೆ ಉಳಿದೆ ಎಂದೂ ಹೌದು. ‘ಮೈ ಲೈಫ್’ ಪ್ರಿಯರನ್ನು ಕರೆಯುವ ಮಾತೂ ಆಗುತ್ತದೆ. ‘ಜಾನ್–ಜಾನಾ’ ಜೋಡಿಗೆ ‘ತಿಳಿ’ ಎಂಬರ್ಥದ ‘ನೋ’ ಮತ್ತು ಅದರ ಭೂತಕಾಲ ‘ನ್ಯೂ’ ಇವೆ. ಜೋಡಿಸಿದರೆ ಹೀಗೆ: ‘ಇಫ್ ಐ ಲಿವ್ಡ್ ಆನ್ ಯುವರ್ ಪ್ರಾಮಿಸ್, ನೋ, ಮೈ ಲೈಫ್, ದಟ್ ಐ ನ್ಯೂ ಇಟ್ ಫಾರ್ ಎ ಲೈ, ವುಡ್ ಐ ನಾಟ್ ಹ್ಯಾವ್ ಡೈಡ್ ಆಫ್ ಜಾಯ್, ಹ್ಯಾಡ್ ಐ ಬಿಲೀವ್ಡ್ ಇಟ್?’ ಉರ್ದುವಿನಲ್ಲಿ ಒಂದೇ ‘ಜಾನ್’ ಮಾಡಿದ ಎರಡು ಕೆಲಸಕ್ಕೆ ಇಲ್ಲಿ ಇಬ್ಬರು ಆಳು ಬೇಕಾದರು. ಆ ನಷ್ಟವನ್ನು ಒಪ್ಪಿಕೊಳ್ಳಲೇಬೇಕು. ಎರೆ ಮಾತ್ರ ಉಳಿಯಿತು.

ಎಲ್ಲ ಶೇರ್‌ಗಳೂ ಇಷ್ಟು ಉದಾರವಾಗಿರುವುದಿಲ್ಲ. ಇದೇ ಗಜಲ್‌ನ ಮೊದಲ ಶೇರ್ ನೋಡಿ:

ಯೆ ನ ಥೀ ಹಮಾರೀ ಕಿಸ್ಮತ್ ಕೆ ವಿಸಾಲ್-ಏ-ಯಾರ್ ಹೋತಾ
ಅಗರ್ ಔರ್ ಜೀತೇ ರಹತೇ ಯಹೀ ಇಂತಜಾರ್ ಹೋತಾ

ಪ್ರಿಯರ ಜೊತೆಗಿನ ಮಿಲನ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಇನ್ನೂ ಬದುಕಿದ್ದರೂ ಇದೇ ಕಾಯುವಿಕೆ ಇರುತ್ತಿತ್ತು. ‘ಇನ್ನೂ ಬದುಕಿದ್ದರೆ’ ಎನ್ನುವುದರಿಂದ ಮಾತಾಡುತ್ತಿರುವವನು ಆಗಲೇ ಸತ್ತಿದ್ದಾನೆ ಎಂಬುದನ್ನು ಗಮನಿಸಿ. ಗಂಟು ಇರುವುದು ‘ವಿಸಾಲ್’ನಲ್ಲಿ. ಅದು ಪ್ರೇಮಿಗಳ ಕೂಟ. ಸೂಫಿ ಸಂತರ ವಿಷಯದಲ್ಲಾದರೆ ಸಾವು, ದೇವರನ್ನು ಸೇರುವುದು. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖ್ವಾಜಾ ಬಂದೇ ನವಾಜರು 1422ರಲ್ಲಿ ತೀರಿಕೊಂಡ ದಿನವನ್ನು ಅಲ್ಲಿ ಉರುಸ್ ಎಂದು ಆಚರಿಸುತ್ತಾರೆ, ಉರ್ಸ್ ಎಂದರೆ ಅರಬ್ಬಿಯಲ್ಲಿ ಮದುವೆ. ಕನ್ನಡಕ್ಕೆ ತರುವುದಾದರೆ ‘ಐಕ್ಯ’ ಎಂಬ ಪದ ಕೈಗೇ ಸಿಗುತ್ತದೆ. ಲಿಂಗೈಕ್ಯ ಎಂದಾಗ ನಮಗೆ ಸಾವು, ಕೂಟ ಎರಡೂ ಒಟ್ಟಿಗೇ ಕೇಳಿಸುತ್ತವೆ. ಸತ್ತೂ ಐಕ್ಯವಾಗದವನ ಗೋಳು ಇದು.

ಇಂಗ್ಲಿಷಿನ ‘ಯೂನಿಯನ್’ನಲ್ಲಿ ಕಾರ್ಮಿಕ ಸಂಘದ ವಾಸನೆ, ‘ಮೀಟಿಂಗ್’ನಲ್ಲಿ ಕಚೇರಿಯದು. ನಾನು ಆರಿಸುವುದು ‘ಗ್ಯಾದರ್ಡ್ ಟು ಮೈ ಬಿಲವೆಡ್’. ಹಳೆಯ ಇಂಗ್ಲಿಷ್ ಬೈಬಲ್‌ನಲ್ಲಿ ಅಬ್ರಹಾಮ ಸತ್ತಾಗ ಅವನು ತನ್ನ ಜನರ ಬಳಿಗೆ ‘ಗ್ಯಾದರ್ಡ್’ ಆದ ಎಂದೇ ಇದೆ. ಬೈಬಲ್ ಕಿವಿಯವರಿಗೆ ಸಾವು ಕೇಳಿಸೀತು, ಉಳಿದವರಿಗೆ ಅಪ್ಪುಗೆಯಷ್ಟೇ. ‘ಬಿಲವೆಡ್’ನಿಂದ ಇನ್ನೊಂದು ಅನುಕೂಲವಿದೆ: ‘ಯಾರ್’, ಅಂದರೆ ಪ್ರಿಯರು, ಗಂಡೋ ಹೆಣ್ಣೋ ದೇವರೋ ಎಂಬುದನ್ನು ಉರ್ದು ಬಿಟ್ಟುಕೊಡುವುದಿಲ್ಲ, ಈ ಪದವೂ ಬಿಟ್ಟುಕೊಡುವುದಿಲ್ಲ. ‘ಹೀ’, ‘ಶೀ’ ಎರಡನ್ನೂ ಹತ್ತಿರ ಸುಳಿಯಗೊಡಬೇಡಿ.

ಕೊನೆಗೆ, ಉರ್ದು ಗೊತ್ತಿಲ್ಲದವರೊಬ್ಬರಿಗೆ ನಿಮ್ಮ ವಾಕ್ಯವನ್ನು ಗಟ್ಟಿಯಾಗಿ ಓದಿ ಹೇಳಿ. ವಾದೆಯ ಶೇರ್ ಆದರೆ ‘ಪ್ರಾಮಿಸ್’ ಎಂಬಲ್ಲಿ ನಿಲ್ಲಿಸಿ, ಇವನು ಆ ಮಾತನ್ನು ನಂಬಿದನೇ ಎಂದು ಕೇಳಿ. ಹೌದು ಎಂದರೆ ಎರೆ ಕೆಲಸ ಮಾಡಿದೆ. ಪೂರ್ತಿ ಓದಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಎರಡು ಸಲವೂ ಒಂದೇ ಉತ್ತರ ಬಂದರೆ ವಾಕ್ಯವನ್ನು ಒಡೆದು ಮತ್ತೆ ಕಟ್ಟಿ.