ನೆಕ್ಕಿದ್ದೆಲ್ಲಾ ಪ್ರೀತಿ ಅಲ್ಲ: ಸರಸ್ವತಿಪುರಂ ಲ್ಯಾಬ್ರಡಾರ್ ಕೇಸು

ಈ ಕೇಸು ನನ್ನ ಹತ್ತಿರ ಬರುವ ಹೊತ್ತಿಗೆ ಮೈಸೂರಿನ ಇಬ್ಬರು ನಾಯಿ ಟ್ರೈನರ್‌ಗಳು ಕೈಚೆಲ್ಲಿದ್ದರು. ಮೂರು ವರ್ಷದ ಗಂಡು ಲ್ಯಾಬ್ರಡಾರ್ ನಾಯಿ. ತಾತನ ಕೈ ನೆಕ್ಕುತ್ತೆ, ನಾಲ್ಕು ವರ್ಷದ ಮೊಮ್ಮಗಳ ಮುಖ ನೆಕ್ಕುತ್ತೆ, ಬಿಡಿಸೋಕೆ ಆಗ್ತಿಲ್ಲ. ಟ್ರೈನಿಂಗಿಗೆ ಹತ್ತು ಸಾವಿರದ ಹತ್ತಿರ, ಕಹಿ ಸ್ಪ್ರೇಗೆ ಏಳೆಂಟು ನೂರು ಹೋಗಿತ್ತು. ಕೈಗೆ ಬೇವಿನೆಣ್ಣೆ ಹಚ್ಚಿದರೆ ಅದನ್ನೂ ನೆಕ್ಕಿ ಬಾಯಿ ಚಪ್ಪರಿಸಿತ್ತಂತೆ. 'ಮೂತಿಗೆ ಎರಡು ಬಿಡಿ, ಸರಿಹೋಗುತ್ತೆ' ಅನ್ನೋ ಸಲಹೆಯೂ ಸಿಕ್ಕಿತ್ತು. ತಾತನ ಕೈ ನೆಕ್ಕೋದೇ ಬೇರೆ, ಮಗುವಿನ ಮುಖ ನೆಕ್ಕೋದೇ ಬೇರೆ ಅಂತ ನಾನು ಹೇಳಿದಾಗ ಗೆಳೆಯರು ನಕ್ಕರು.

ಒಂದು ಸಂಜೆ ಪೂರ್ತಿ ನಾಯಿಯನ್ನ ಮಾತಾಡಿಸದೆ ಸುಮ್ನೆ ಕೂತು ನೋಡಿದೆ. ತಾತ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದರು. ನಾಯಿ ಸೊಂಟದಿಂದ ಬಾಲದವರೆಗೆ ಬಳುಕುತ್ತಾ ಓಡಿಬಂತು. ಮೈ ಸಡಿಲ, ಬಾಯಿ ಅರೆತೆರೆದಿದೆ, ನಾಲಿಗೆ ಅಗಲವಾಗಿ, ನಿಧಾನಕ್ಕೆ ಆಡುತ್ತಿದೆ. ಇದು ಮರಿಬುದ್ಧಿ. ತೋಳದ ಮರಿಗಳು ಬೇಟೆಯಿಂದ ಬಂದ ದೊಡ್ಡವರ ಬಾಯಿ ನೆಕ್ಕಿ, ತಿಂದದ್ದನ್ನ ಕಕ್ಕಿಸಿಕೊಳ್ಳುತ್ತವೆ. ಮಂಡ್ಯದ ನಮ್ಮೂರಲ್ಲಿ ಒಂದು ಬೀದಿನಾಯಿ ಮರಿಗಳಿಗೆ ಹಾಗೇ ಕಕ್ಕಿ ತಿನ್ನಿಸಿದ್ದನ್ನ ನಾನೇ ನೋಡಿದ್ದೇನೆ. ಬೆಳೆದ ಮೇಲೆ ಊಟದ ಲೆಕ್ಕ ಹೋಗಿ 'ಬಂದ್ಯಾ, ನಾನು ನಿನಗಿಂತ ಚಿಕ್ಕವನು' ಅನ್ನೋದಷ್ಟೇ ಉಳಿಯುತ್ತೆ.

ಆಮೇಲೆ ಮಗು ಬಂದು ನಾಯಿಯ ಕುತ್ತಿಗೆ ತಬ್ಬಿಕೊಂಡಿತು. ಬಾಲ ನಿಂತುಹೋಯಿತು. ಕಿವಿ ಹಿಂದಕ್ಕೆ ಅಂಟಿತು, ಕಣ್ಣಂಚಲ್ಲಿ ಬಿಳಿ ಕಂಡಿತು, ಬಾಯಿ ಬಿಗಿಯಿತು. ಮಗುವಿನ ಕೆನ್ನೆಗೆ ಪಟಪಟ ಅಂತ ಮೂರು ನಾಲ್ಕು ಚಿಕ್ಕ ನೆಕ್ಕು, ತಕ್ಷಣ ಮುಖ ಆ ಕಡೆ. ಮಗು ನಗುತ್ತಾ ಬಿಟ್ಟಿತು. ನಾಯಿ ಮೈ ಕೊಡವಿ ಮಂಚದ ಕೆಳಗೆ ಹೋಯಿತು. 'ನೋಡಿ, ಎಷ್ಟು ಪ್ರೀತಿ' ಅಂದರು ಅಜ್ಜಿ. ಅದು ಹೇಳಿದ್ದು 'ಸಾಕಮ್ಮ, ದೂರ ಸರಿ' ಅಂತ. ನೆಕ್ಕಿದರೆ ಮಗು ಬಿಡುತ್ತೆ ಅನ್ನೋದು ಅದಕ್ಕೆ ಗೊತ್ತಾಗಿತ್ತು.

ಖಾತ್ರಿ ಮಾಡಿಕೊಳ್ಳೋಕೆ ಮಗುವನ್ನ ಮೂರು ಹೆಜ್ಜೆ ದೂರ ಕೂರಿಸಿ ನಾಯಿಯನ್ನ ಕರೆಸಿದೆ. ಬಂತು. ಎದೆ ಸವರಿಸಿ, ಕೈ ತೆಗೆಸಿದೆ. ಇನ್ನೂ ಬೇಕು ಅಂತ ಮೂತಿ ತಳ್ಳಿತು. ತಬ್ಬಿಸಿ ಬಿಡಿಸಿದಾಗ ಎದ್ದು ಹೋಯಿತು. ಮಗು ಅಂದರೆ ಇಷ್ಟ, ತಬ್ಬೋದು ಕಷ್ಟ. ಇಂಥ ನೆಕ್ಕನ್ನ ಹೊಡೆದು ನಿಲ್ಲಿಸಿದರೆ ಒಂದು ಎಚ್ಚರಿಕೆ ಕಿತ್ತುಹಾಕಿದಂತೆ. ಮುಂದಿನದು ಗುರ್ ಅನ್ನೋದು, ಅದಕ್ಕೂ ಹೊಡೆದರೆ ಹಲ್ಲು. ಅದಕ್ಕೇ ಅಲ್ಲಿ ನಾಯಿಗೆ ಏನೂ ಕಲಿಸಲಿಲ್ಲ, ಮಗುವಿಗೆ ಕಲಿಸಿದೆ. ತಬ್ಬುವಂತಿಲ್ಲ, ಎದೆ ಸವರು, ಐದು ಎಣಿಸು, ಕೈ ತೆಗಿ. ದೊಡ್ಡವರು ಪಕ್ಕದಲ್ಲಿ ಇರಲೇಬೇಕು. ಮೂರು ವಾರದೊಳಗೆ ಮುಖ ನೆಕ್ಕೋದು ತಾನಾಗೇ ನಿಂತಿತು.

ಕೈ ನೆಕ್ಕೋದು ನಿಜಕ್ಕೂ ಸತಾಯಿಸಿತು. ಬೆವರಿನ ಉಪ್ಪಿಗೆ ಅಂತ ತಾತನ ವಾದ. ಸರಿ, ನೋಡೇಬಿಡೋಣ ಅಂತ ಒಂದು ಕೈ ಸೋಪಲ್ಲಿ ತೊಳೆಸಿ, ಇನ್ನೊಂದನ್ನ ಹಾಗೇ ಬಿಟ್ಟು ಎರಡನ್ನೂ ಮುಂದೆ ಹಿಡಿಸಿದೆ. ಬೆವರಿದ ಕೈಗೆ ಜಾಸ್ತಿ ಹೊತ್ತು ಸಿಕ್ಕಿತು, ನಿಜ. ಆದರೆ ಎರಡೂ ಕೈ ತೊಳೆದಾಗಲೂ ಬಿಡಲಿಲ್ಲ. ಉಪ್ಪು ನೆಪ ಅಷ್ಟೇ. ನೆಕ್ಕಿದಾಗೆಲ್ಲ ತಾತ 'ಏಯ್ ಕಳ್ಳ' ಅಂತ ತಲೆ ಸವರುತ್ತಿದ್ದರು. ಕೂಲಿ ಸಿಗುತ್ತಿರುವಾಗ ಯಾವ ನಾಯಿ ಕೆಲಸ ಬಿಡುತ್ತೆ?

ತಾತನಿಗೆ ಹೇಳಿಕೊಟ್ಟದ್ದು ಇಷ್ಟೇ: ನೆಕ್ಕಿದ ತಕ್ಷಣ ಮಾತಿಲ್ಲದೆ ಎದ್ದು ತಿರುಗೋದು, ಕೈ ಕಂಕುಳಲ್ಲಿ. ನೆಕ್ಕದೆ ಗದ್ದ ಮೊಣಕಾಲ ಮೇಲಿಟ್ಟರೆ ಸವರೋದು. ಮೊದಲ ವಾರ ನೆಕ್ಕಾಟ ದುಪ್ಪಟ್ಟಾಯಿತು, ಫೋನು ಬಂತು, ದುಡ್ಡು ವಾಪಸ್ ಕೇಳುವ ಮಟ್ಟಕ್ಕೆ. ಕೂಲಿ ನಿಂತಾಗ ಚಟ ಎಷ್ಟೋ ಸಲ ಹಾಗೇ ಮೊದಲು ಏರಿ ಆಮೇಲೆ ಇಳಿಯೋದು. ಇಳಿಯದಿದ್ದಾಗ ಹೋಗಿ ನೋಡಿದರೆ ಅಜ್ಜಿ ಅಡುಗೆಮನೆಯಲ್ಲಿ ಗುಟ್ಟಾಗಿ ನೆಕ್ಕೋಕೆ ಕೈ ಒಡ್ಡುತ್ತಿದ್ದರು. ದಿನಾ ಸಿಗೋದಕ್ಕಿಂತ ಅಪರೂಪಕ್ಕೆ ಸಿಗೋ ಕೂಲಿಯೇ ಚಟ ಗಟ್ಟಿ ಮಾಡೋದು. ಅಜ್ಜಿಯನ್ನ ಒಪ್ಪಿಸಿದ ಉಪಾಯ, ಬಾಗಿಲಲ್ಲಿ ಗದ್ದ ಇಡಿಸೋಕೆ ನಾನು ಬಳಸೋ ಸದ್ದು, ಎರಡನ್ನೂ ಇಲ್ಲಿ ಬರೆಯಲ್ಲ. ಹೊಟ್ಟೆಪಾಡು! ಎರಡು ತಿಂಗಳಾಗುವಷ್ಟರಲ್ಲಿ ಕೆಲಸ ಮುಗಿಯಿತು, ಆರು ಸಾವಿರ ಚಿಲ್ಲರೆ ಕೈಸೇರಿತು.

ನಕ್ಕವರಲ್ಲಿ ಒಬ್ಬರು ಮೊನ್ನೆ ತಮ್ಮದೇ ಕೇಸು ಕಳಿಸಿದರು. ಪಗ್, ರಾತ್ರಿಯಿಡೀ ನೆಲ, ಸೋಫಾ ನೆಕ್ಕುತ್ತಂತೆ. ನಾನು ಮುಟ್ಟಲಿಲ್ಲ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಹೀಗೆ ನೆಲ, ಗೋಡೆ ನೆಕ್ಕುವ 19 ನಾಯಿಗಳನ್ನ ಪರೀಕ್ಷಿಸಿದಾಗ 14ಕ್ಕೆ ಹೊಟ್ಟೆ, ಕರುಳಿನ ತೊಂದರೆ ಇತ್ತು ಅಂತ 2012ರಲ್ಲಿ ಪ್ರಕಟಿಸಿದ್ದರು. ಮೊದಲು ಡಾಕ್ಟರಿಗೆ ತೋರಿಸಿ, ಫೀಸಿನ ಮಾತು ಆಮೇಲೆ ಅಂದಿದ್ದೇನೆ.